ಔಷಧಿ ಕುಡಿದು ಬಂದವರ ರೆಫರಲ್ ಚೀಟಿ: ನಿಮ್ಮ ಕಣ್ಣಿಗೆ ಮಾತ್ರ ಬಿದ್ದದ್ದನ್ನು ಮೊದಲು ಬರೆಯಿರಿ

ಪ್ರಶ್ನೆ: ಸರ್, ಗ್ರಾಮೀಣ ಸೇವೆಗೆ ಅಂತ ಪಿಎಚ್‌ಸಿಗೆ ಬಂದು ಐದು ತಿಂಗಳಾಯ್ತು. ಹೊಲಕ್ಕೆ ಹೊಡೆಯೋ ಔಷಧಿ ಕುಡಿದವರು ಆಗಾಗ ಬರ್ತಾನೇ ಇರ್ತಾರೆ. ಆಟ್ರೋಪಿನ್ ಕೊಟ್ಟು 108ರಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸ್ತೀನಿ. ಹೋದ ವಾರ ಅಲ್ಲಿನ ಡ್ಯೂಟಿ ಡಾಕ್ಟರ್ ಫೋನ್ ಮಾಡಿ, ‘ನಿಮ್ಮ ಚೀಟಿ ಓದಿದ್ರೆ ಏನೂ ಗೊತ್ತಾಗಲ್ಲ’ ಅಂದ್ರು. ಅಷ್ಟು ಗಡಿಬಿಡಿಯಲ್ಲಿ ಏನು ಬರೀಬೇಕು, ಏನು ಬಿಟ್ಟರೆ ನಡೆಯುತ್ತೆ? ಮನೆಯವರು ಪೊಲೀಸರಿಗೆ ತಿಳಿಸೋ ಎಂಎಲ್‌ಸಿ ದಾಖಲೆ ಬೇಡ ಅಂತ ಕೈ ಮುಗಿದಾಗ ಏನು ಮಾಡೋದು?

ಉತ್ತರ:

ಡಾಕ್ಟ್ರೇ, ಆ ಫೋನು ಮಾಡಿದವರ ಜಾಗದಲ್ಲಿ ನಾನೂ ತುಂಬಾ ವರ್ಷ ನಿಂತಿದ್ದೇನೆ. ಅಲ್ಲಿ ನಿಂತಾಗ ಏನಾಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಚೀಟಿಯಲ್ಲಿ ಏನಿರಬೇಕು ಅನ್ನುವುದು ಅಲ್ಲಿಂದಲೇ ಹುಟ್ಟುತ್ತದೆ.

ಒಂದು ರಾತ್ರಿ ಇಪ್ಪತ್ತಾರರ ಹೆಣ್ಣುಮಗಳೊಬ್ಬಳನ್ನು ಕರೆತಂದರು. ಕೈಗಳನ್ನು ಸ್ಟ್ರೆಚರಿಗೆ ಬಟ್ಟೆಯಿಂದ ಕಟ್ಟಿದ್ದರು. ನಾಡಿ 144. ಕಣ್ಣಿನ ಪಾಪೆ ಪೂರ್ತಿ ಅಗಲ. ಮೈ ಕೆಂಡದಂತೆ ಸುಡುತ್ತಿತ್ತು. ಇಲ್ಲದ್ದನ್ನು ಹಿಡಿಯುವ ಹಾಗೆ ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು. ಜೊತೆಗಿದ್ದ ಚೀಟಿಯಲ್ಲಿ ಒಂದೂವರೆ ಸಾಲು: ‘ಪಾಯ್ಸನಿಂಗ್ ಕೇಸ್. ಆಟ್ರೋಪಿನ್ ಕೊಡಲಾಗಿದೆ. ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಗಿದೆ.’ ಇದು ಆಟ್ರೋಪಿನ್ ಜಾಸ್ತಿಯಾಗಿ ಬಂದ ಗಲಿಬಿಲಿಯೇ? ಆಮ್ಲಜನಕ ಸಾಲದೆ ಒದ್ದಾಡುತ್ತಿದ್ದಾಳೆಯೇ? ಅಥವಾ ಕುಡಿದದ್ದೇ ಬೇರೆ ಔಷಧಿಯೇ? ಮೊದಲನೆಯದಾದರೆ ಆಟ್ರೋಪಿನ್ ನಿಲ್ಲಿಸಬೇಕು. ಆದರೆ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕದ ವಿಷ ಇನ್ನೂ ಮೈಯಲ್ಲಿದ್ದು ಸುಮ್ನೆ ನಿಲ್ಲಿಸಿಬಿಟ್ಟರೆ ಗಂಟೆಯೊಳಗೆ ಎದೆ ಮತ್ತೆ ನೀರು ತುಂಬಿಕೊಳ್ಳುತ್ತದೆ. ಕೊನೆಗೆ ಕಳಿಸಿದ ಕೇಂದ್ರಕ್ಕೆ ಫೋನ್ ಮಾಡಿದೆವು. ಅಲ್ಲಿನ ಸ್ಟಾಫ್ ನರ್ಸ್ ಕಸದ ಬಕೆಟ್ಟಿನಿಂದ ಒಡೆದ ಆಂಪೂಲುಗಳನ್ನು ಆರಿಸಿ ಎಣಿಸಿ ‘ನಲವತ್ತೆರಡು ಇವೆ ಸರ್’ ಎಂದರು. ಯಾವಾಗ ಎಷ್ಟು ಕೊಟ್ಟರು, ಕೊಡುವ ಮೊದಲು ಪಾಪೆ ಹೇಗಿತ್ತು ಅಂದರೆ ಅವರಿಗೂ ನೆನಪಿರಲಿಲ್ಲ. ಆ ಮಗು ಬದುಕಿತು. ಆದರೆ ಒಂದು ಚೀಟಿಯಲ್ಲಿ ಇರಬೇಕಿದ್ದ ಮಾಹಿತಿಗಾಗಿ ನಮ್ಮ ನಲವತ್ತು ನಿಮಿಷ ಹೋಯಿತು.

ಹಾಗಾಗಿ ನನ್ನ ಮೊದಲ ಮಾತು ಇದು. ಎರಡು ಗಂಟೆ ಕಳೆದ ಮೇಲೂ ನೋಡಿ ತಿಳಿಯಬಹುದಾದದ್ದನ್ನು ಬರೆಯದಿದ್ದರೂ ನಡೆಯುತ್ತದೆ. ಎರಡು ಗಂಟೆ ಕಳೆದ ಮೇಲೆ ಯಾರ ಕಣ್ಣಿಗೂ ಸಿಗದೇ ಹೋಗುವುದನ್ನು ಮಾತ್ರ ಬಿಡಬೇಡಿ. ರಕ್ತ ಪರೀಕ್ಷೆ ಅವರು ಮಾಡಿಕೊಳ್ಳುತ್ತಾರೆ. ತೂಕ ಅವರು ನೋಡುತ್ತಾರೆ. ಹಳೆಯ ಕಾಯಿಲೆಗಳನ್ನು ಮನೆಯವರನ್ನು ಕೇಳುತ್ತಾರೆ. ಆದರೆ ಆಟ್ರೋಪಿನ್ ಹೋಗುವ ಮೊದಲು ಆ ಮನುಷ್ಯ ಹೇಗಿದ್ದ ಎನ್ನುವುದಕ್ಕೆ ಇಡೀ ಲೋಕದಲ್ಲಿ ನೀವು ಮತ್ತು ನಿಮ್ಮ ನರ್ಸ್ ಇಬ್ಬರೇ ಸಾಕ್ಷಿ. ಮೊದಲ ಮೂರು ಆಂಪೂಲ್ ಒಳಗೆ ಹೋದ ಮೇಲೆ ಆ ಚಿತ್ರ ಅಳಿಸಿಹೋಗುತ್ತದೆ.

ಆ ಚಿತ್ರಕ್ಕೆ ಏಳು ವಿಷಯ ಸಾಕು: ಪಾಪೆ, ನಾಡಿ, ಬಿಪಿ, ಆಕ್ಸಿಮೀಟರ್ ಅಂಕಿ, ಎದೆಯ ಸದ್ದು, ಬೆವರು ಮತ್ತು ಜೊಲ್ಲು, ಪ್ರಜ್ಞೆ. ಇವನ್ನು ನೋಡಲು ಒಂದು ನಿಮಿಷ ಸಾಕು. ನೋಡುವ ಹೊತ್ತಿಗೆ ನರ್ಸ್ ಲೈನ್ ಹಾಕಿ ಆಂಪೂಲ್ ಒಡೆಯುತ್ತಿರುತ್ತಾರೆ, ಅಂದರೆ ಚಿಕಿತ್ಸೆ ಒಂದು ಕ್ಷಣವೂ ಕಾಯುವುದಿಲ್ಲ. ಎದೆ ಬಗ್ಗೆ ‘ಆರ್‌ಎಸ್: ಕ್ರೆಪ್ಸ್ ಇದೆ’ ಅಂತಷ್ಟೇ ಬರೆಯಬೇಡಿ. ಎರಡೂ ಕಡೆ ಇಡೀ ಎದೆಗೆ ಇದೆಯೋ, ಬಲಗಡೆ ಬುಡದಲ್ಲಿ ಮಾತ್ರ ಇದೆಯೋ ಬರೆಯಿರಿ. ಇಡೀ ಎದೆಯಲ್ಲಿದ್ದರೆ ಅದು ವಿಷದಿಂದ ಸುರಿಯುತ್ತಿರುವ ನೀರು, ಆಟ್ರೋಪಿನ್‌ಗೆ ಬಗ್ಗುತ್ತದೆ. ಒಂದೇ ಕಡೆ ಇದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿದಿರಬಹುದು, ಅದು ಎಷ್ಟು ಆಂಪೂಲ್ ಕೊಟ್ಟರೂ ಹೋಗುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಕಡೆ ಎದೆ ಸ್ವಚ್ಛವಾಗಲಿಲ್ಲ ಅಂತ ಆಟ್ರೋಪಿನ್ ಸುರಿಯುತ್ತಾ ಹೋಗುತ್ತಾರೆ. ಇನ್ನೊಂದು ಮಾತು. ನಾಡಿ ಕಡಿಮೆ ಇರಲೇಬೇಕು ಅಂತೇನೂ ಇಲ್ಲ. ಆರ್ಗನೋಫಾಸ್ಫೇಟ್ ಕುಡಿದವರಲ್ಲಿ ಮೊದಮೊದಲು ನಾಡಿ ಜೋರಾಗಿಯೂ ಇರಬಹುದು. ಕಂಡ ಅಂಕಿಯನ್ನೇ ಬರೆಯಿರಿ, ಪುಸ್ತಕಕ್ಕೆ ಹೊಂದುವ ಅಂಕಿಯನ್ನಲ್ಲ.

ಈಗ ಒಂದು ಕೇಸನ್ನು ಮೊದಲಿಂದ ಕೊನೆವರೆಗೆ ನೋಡೋಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮೂವತ್ತನಾಲ್ಕರ ಗಂಡಸು. ಹತ್ತಿ, ಗೋವಿನಜೋಳ ಬೆಳೆಯುವ ಊರು. ಬೆಳಿಗ್ಗೆ 10:40ಕ್ಕೆ ಅಣ್ಣ ಮತ್ತು ಪಕ್ಕದ ಹೊಲದವರು ಬೈಕಿನ ನಡುವೆ ಕೂರಿಸಿಕೊಂಡು ತಂದರು. ಅಣ್ಣ ಹೇಳಿದ್ದು, ‘ಎಣ್ಣಿ ಕುಡದಾನ್ರೀ ಸಾಹೇಬ್ರ.’ ಈ ಒಂದು ಮಾತಿನ ಬಳಿ ಸ್ವಲ್ಪ ನಿಲ್ಲಿ. ನಮ್ಮ ಕಡೆ ಎಣ್ಣೆ ಅಂದರೆ ಹೊಲಕ್ಕೆ ಹೊಡೆಯುವ ಔಷಧಿಯೂ ಹೌದು, ಸಾರಾಯಿಯೂ ಹೌದು. ಬೆಂಗಳೂರು, ಮೈಸೂರು ಕಡೆಯಿಂದ ಬಂದ ಹುಡುಗ ಡಾಕ್ಟರು ಇದನ್ನು ಕೇಳಿ ‘ಆಲ್ಕೋಹಾಲ್’ ಅಂತ ಬರೆದು ಕೂರಿಸಿದ್ದನ್ನು ಕಂಡಿದ್ದೇನೆ. ‘ಹೊಲದ್ದೋ, ಅಂಗಡೀದೋ?’ ಅಂತ ಕೇಳಿ. ಇಲ್ಲಿ ಎರಡೂ ಇತ್ತು. ಉತ್ತರವನ್ನು ಅವರ ಮಾತಲ್ಲೇ, ಯಾರು ಹೇಳಿದರೆಂದು ಸೇರಿಸಿ ಬರೆಯಿರಿ.

ಸಮಯ ಕೇಳಿದರೆ ‘ಈಗೊಂದು ತಾಸಾತು’ ಅನ್ನುತ್ತಾರೆ. ಆ ತಾಸು ಅರ್ಧ ಗಂಟೆಯೂ ಇರಬಹುದು, ಮೂರು ಗಂಟೆಯೂ ಇರಬಹುದು. ಗಡಿಯಾರದ ಬದಲು ದಿನಚರಿ ಹಿಡಿದು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಅಣ್ಣನಿಗೆ ಕೊನೆಯ ಸಲ ಚೆನ್ನಾಗಿದ್ದದ್ದು ಕಂಡದ್ದು ಯಾವಾಗ? ‘ಒಂಬತ್ತರ ಬಸ್ ಹೋದ ಮ್ಯಾಲ ರೊಟ್ಟಿ ಉಂಡ.’ ಬಿದ್ದದ್ದು ಕಂಡದ್ದು ಯಾವಾಗ? ‘ಹತ್ತಕ್ಕ ನೀರಿನ ಮೋಟರ್ ಕರೆಂಟ್ ಬಂದಾಗ.’ ಹಾಗಾದರೆ ಚೀಟಿಯಲ್ಲಿ ‘9ರಿಂದ 10ರ ನಡುವೆ, ಅಣ್ಣ ಹೇಳಿದಂತೆ’ ಅಂತ ಬರೆಯಿರಿ. 9:30 ಅಂತ ಸುಮ್ನೆ ಒಂದು ಅಂಕಿ ಹಾಕುವುದಕ್ಕಿಂತ ಇದು ಹೆಚ್ಚು ನಿಜ. ರೊಟ್ಟಿ ಉಂಡಿದ್ದ ಅನ್ನುವುದನ್ನೂ ಸೇರಿಸಿ. ಟ್ಯೂಬ್ ಹಾಕುವವರಿಗೆ ಅದು ಬೇಕಾಗುತ್ತದೆ.

ನೋಡಿದಾಗ ಪಾಪೆ ಎರಡೂ ಕಡೆ ಸೂಜಿ ಮೊನೆಯಷ್ಟು. ನಾಡಿ 52, ಬಿಪಿ 90/60, ಉಸಿರು ನಿಮಿಷಕ್ಕೆ 30, ಆಕ್ಸಿಮೀಟರಿನಲ್ಲಿ 84. ಇಡೀ ಎದೆಯಲ್ಲಿ ಗುಳಗುಳ. ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು, ಬಾಯಿಂದ ಜೊಲ್ಲು. ತೊಡೆಯ ಮಾಂಸಖಂಡ ಅದುರುತ್ತಿತ್ತು. ಕೂಗಿದರೆ ಕಣ್ಣು ಬಿಡುತ್ತಿದ್ದ, ಗೊಂದಲದ ಮಾತು, ನೋವು ಮಾಡಿದ ಜಾಗಕ್ಕೆ ಕೈ ತರುತ್ತಿದ್ದ: ಪ್ರಜ್ಞೆಯ ಅಳತೆ ಜಿಸಿಎಸ್ 12. ಇಲ್ಲಿ ‘ಇ3 ವಿ4 ಎಂ5’ ಅಂತ ಬಿಡಿಸಿ ಬರೆಯಬೇಕು. ಬರೀ 12 ಅಂದರೆ ಯಾವುದು ಕುಸಿದಿದೆ ಅಂತ ಗೊತ್ತಾಗುವುದಿಲ್ಲ.

ಪಕ್ಕಕ್ಕೆ ಮಲಗಿಸಿ, ಬಾಯಿ ಸಕ್ಷನ್ ಮಾಡಿ, ಆಕ್ಸಿಜನ್ ಹಾಕಿದರು. 10:44ಕ್ಕೆ ಆಟ್ರೋಪಿನ್ 3 ಆಂಪೂಲ್. ನಮ್ಮಲ್ಲಿ ಸಿಗುವ ಆಂಪೂಲಿನಲ್ಲಿ 0.6 ಮಿಲಿಗ್ರಾಂ ಇರುತ್ತದೆ, ಅಂದರೆ 1.8 ಮಿಲಿಗ್ರಾಂ. ಐದು ನಿಮಿಷ ಬಿಟ್ಟು ನೋಡಿದರೆ ಏನೂ ಬದಲಾಗಿಲ್ಲ. 10:49ಕ್ಕೆ ದುಪ್ಪಟ್ಟು, 6 ಆಂಪೂಲ್. ಇನ್ನೂ ಸಾಲದು. 10:54ಕ್ಕೆ 12 ಆಂಪೂಲ್. 10:59ಕ್ಕೆ ನಾಡಿ 92, ಬಿಪಿ 106/70, ಎದೆಯ ಬುಡದಲ್ಲಿ ಮಾತ್ರ ಸ್ವಲ್ಪ ಸದ್ದು, ಕಂಕುಳು ಇನ್ನೂ ಒದ್ದೆ. ದಾರಿಗೆ ಬರುತ್ತಿದ್ದಾನೆ, ಆದ್ದರಿಂದ ಇಲ್ಲಿ ಮತ್ತೆ ದುಪ್ಪಟ್ಟು ಮಾಡಲಿಲ್ಲ, 3 ಆಂಪೂಲ್ ಮಾತ್ರ. 11:04ಕ್ಕೆ ಎದೆ ಸ್ವಚ್ಛ, ನಾಡಿ 104, ಬಿಪಿ 114/70, ಕಂಕುಳು ಒಣಗಿದೆ, ಪಾಪೆ 3 ಮಿಲಿಮೀಟರ್: ಗುರಿ ಮುಟ್ಟಿತು. ಒಟ್ಟು 24 ಆಂಪೂಲ್, 14.4 ಮಿಲಿಗ್ರಾಂ.

ದುಪ್ಪಟ್ಟು ಮಾಡುತ್ತಾ ಹೋಗಿ, ಗುರಿ ಮುಟ್ಟಿದ ಮೇಲೆ ಡ್ರಿಪ್‌ನಲ್ಲಿ ಇಡುವ ಈ ಕ್ರಮವನ್ನು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬೋಲಸ್ ಕೊಡುವ ಹಳೆಯ ಪದ್ಧತಿಯ ಜೊತೆ ಹೋಲಿಸಿ ಬಾಂಗ್ಲಾದೇಶದಲ್ಲಿ ನಡೆಸಿದ ಒಂದು ಪರೀಕ್ಷೆ 2012ರಲ್ಲಿ ಪ್ರಕಟವಾಯಿತು. ಹಳೆಯ ರೀತಿಯಲ್ಲಿ ನೂರಕ್ಕೆ 22ಕ್ಕೂ ಜಾಸ್ತಿ ಸಾವು, ಹೊಸದರಲ್ಲಿ 8. ಔಷಧಿ ಎರಡರಲ್ಲೂ ಅದೇ ಆಟ್ರೋಪಿನ್. ಬದಲಾದದ್ದು ಕೊಡುವ ವೇಗ ಮತ್ತು ಲೆಕ್ಕ. ಹಾಗಾಗಿಯೇ ನಾನು ಆಟ್ರೋಪಿನ್ ಲೆಕ್ಕವನ್ನು ಚೀಟಿಯ ಹೃದಯ ಅನ್ನುವುದು. ಸಮಯ, ಆಂಪೂಲ್, ಕೊಟ್ಟು ಐದು ನಿಮಿಷದ ನಂತರ ಕಂಡದ್ದು: ಈ ಮೂರು ಕಾಲಂ ಇರಲಿ. ಪ್ರತಿ ಡೋಸ್ ಆದ ತಕ್ಷಣ ಬರೆಯಬೇಕು. ಆಮೇಲೆ ನೆನಪಿಸಿಕೊಂಡು ಬರೆದದ್ದು ನೆಚ್ಚುವಂತಿರುವುದಿಲ್ಲ, ಓದುವವರಿಗೆ ಅದು ಗೊತ್ತಾಗಿಬಿಡುತ್ತದೆ.

ಬರೆಯೋದು ಯಾರು ಅಂತ ಕೇಳುತ್ತೀರಿ. ಇರೋದೇ ಮೂರು ಜನ, ಅಲ್ವಾ? ನನಗೆ ಗೊತ್ತಿರುವ ಒಬ್ಬ ಹಿರಿಯ ನರ್ಸ್ ಮಾಡುತ್ತಿದ್ದದ್ದು ಹೀಗೆ. ಅಗಲದ ಅಂಟುಪಟ್ಟಿಯ ಒಂದು ಗೇಣು ತುಂಡನ್ನು ಸ್ಲೈನ್ ಸ್ಟ್ಯಾಂಡಿಗೆ ಅಂಟಿಸಿ, ಪ್ರತಿ ಡೋಸ್‌ಗೂ ಬಾಲ್‌ಪೆನ್ನಿನಲ್ಲಿ ಸಮಯ ಮತ್ತು ಸಂಖ್ಯೆ ಗೀಚುತ್ತಿದ್ದರು. ಖಾಲಿ ಆಂಪೂಲುಗಳನ್ನು ಎಸೆಯದೆ ಒಂದು ಕಿಡ್ನಿ ಟ್ರೇನಲ್ಲಿ ಹಾಕುತ್ತಿದ್ದರು. ಕೊನೆಗೆ ಪಟ್ಟಿಯ ಮೊತ್ತ, ಟ್ರೇನ ಎಣಿಕೆ ಎರಡೂ ತಾಳೆಯಾದ ಮೇಲೆ ಚೀಟಿಗೆ ಏರಿಸುತ್ತಿದ್ದರು. ಗಡಿಯಾರವೂ ಒಂದೇ ಇರಲಿ. ಗೋಡೆಯದ್ದು ಒಂದು, ಮೊಬೈಲಿನದ್ದು ಒಂದು ಅಂತಾದರೆ ಆರೇಳು ನಿಮಿಷ ಹಿಂದೆ ಮುಂದೆ ಆಗಿ, ಔಷಧಿ ಕೊಟ್ಟ ಮೇಲೆ ರೋಗಿ ಬಂದ ಹಾಗೆ ಕಾಣುತ್ತದೆ.

ಈಗ ದಾರಿಯ ಲೆಕ್ಕ. ಆ ಕೇಂದ್ರದಿಂದ ಜಿಲ್ಲಾ ಆಸ್ಪತ್ರೆಗೆ ಎಪ್ಪತ್ತು ನಿಮಿಷ. ಗುರಿ ಮುಟ್ಟಲು ಬೇಕಾದ ಒಟ್ಟು ಆಟ್ರೋಪಿನ್‌ನ ನೂರಕ್ಕೆ 10ರಿಂದ 20 ಪಾಲನ್ನು ಗಂಟೆಗೆ ಹೋಗುವಂತೆ ಇಡುವುದು ರೂಢಿ. 14.4ಕ್ಕೆ ಅದು ಸುಮಾರು 1.4ರಿಂದ 2.9. ಅವರು ಗಂಟೆಗೆ 1.8 ಮಿಲಿಗ್ರಾಂ, ಅಂದರೆ 3 ಆಂಪೂಲ್ ಅಂತ ಇಟ್ಟುಕೊಂಡರು. ಸ್ಟಾಕಿನಲ್ಲಿ ಉಳಿದದ್ದು 12. ಹನ್ನೆರಡನ್ನೂ ಡ್ರಿಪ್‌ಗೆ ಹಾಕಿಬಿಡುವ ಆಸೆ ಆಗುತ್ತದೆ, ಹಾಗೆ ಮಾಡಬೇಡಿ. ದಾರಿಯಲ್ಲಿ ಎದೆ ಮತ್ತೆ ಗುಳಗುಳ ಅಂದರೆ ಬೋಲಸ್ ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. 100 ಎಂಎಲ್ ನಾರ್ಮಲ್ ಸಲೈನ್ ಬಾಟಲಿಯಿಂದ 6 ಎಂಎಲ್ ತೆಗೆದು, 6 ಆಂಪೂಲ್ ಸೇರಿಸಿ, ಮೈಕ್ರೋ ಡ್ರಿಪ್ ಸೆಟ್‌ನಲ್ಲಿ ನಿಮಿಷಕ್ಕೆ 50 ಹನಿ ಇಟ್ಟರು. ಆ ಸೆಟ್‌ನಲ್ಲಿ 60 ಹನಿಗೆ 1 ಎಂಎಲ್, ಹಾಗಾಗಿ ಗಂಟೆಗೆ 50 ಎಂಎಲ್ ಹೋಗುತ್ತದೆ, ಎರಡು ಗಂಟೆ ಬರುತ್ತದೆ. ಉಳಿದ 6 ಆಂಪೂಲ್ 108ರ ಸಿಬ್ಬಂದಿಯ ಕೈಗೆ. ಬಾಟಲಿಯ ಮೇಲೂ ಪಟ್ಟಿ: ‘ಆಟ್ರೋಪಿನ್ 6 ಆಂಪೂಲ್ / 100 ಎಂಎಲ್, 11:10ಕ್ಕೆ ಶುರು, 50 ಹನಿ.’ ಚೀಟಿ ಕಳೆದರೂ ಬಾಟಲಿ ಮಾತಾಡುತ್ತದೆ.

ಸಿಬ್ಬಂದಿಗೆ ಹೇಳಿದ್ದನ್ನೂ ಚೀಟಿಯಲ್ಲೇ ಬರೆಯಿರಿ. ಎದೆ ಒದ್ದೆಯಾದರೆ ಅಥವಾ ನಾಡಿ 80ರ ಕೆಳಗೆ ಬಂದರೆ 3 ಆಂಪೂಲ್ ಕೊಟ್ಟು ಫೋನ್ ಮಾಡಿ. ಮೈ ಬಿಸಿಯಾಗಿ, ಗಾಳಿಯಲ್ಲಿ ಕೈ ಆಡಿಸಿ, ಹೊಟ್ಟೆಯ ಸದ್ದು ನಿಂತರೆ ಡ್ರಿಪ್ ನಿಲ್ಲಿಸಿ ಫೋನ್ ಮಾಡಿ. ಕೆಳಗೆ ನಾಲ್ಕು ಗೆರೆ ಖಾಲಿ ಬಿಡಿ, ದಾರಿಯಲ್ಲಿ ಕೊಟ್ಟದ್ದನ್ನು ಅವರು ಅಲ್ಲೇ ತುಂಬಲಿ. ಲೆಕ್ಕ ಎರಡು ಹಾಳೆಗೆ ಒಡೆದರೆ ಒಂದು ಕಳೆದುಹೋಗುತ್ತದೆ.

ಇನ್ನು ಬಾಟಲಿ. ಇದರಲ್ಲಿ ನಾನು ನೋಡಿದ ಕೆಟ್ಟ ತಪ್ಪು, ಬಾಟಲಿ ನೋಡದೆ ‘ಓಪಿ ಪಾಯ್ಸನಿಂಗ್’ ಅಂತ ಬರೆಯುವುದು. ನಮಗೆ ಹೊಲದ ಔಷಧಿ ಅಂದರೆ ಓಪಿ, ಅಂದರೆ ಆರ್ಗನೋಫಾಸ್ಫೇಟ್, ಎನ್ನುವ ಅಭ್ಯಾಸ ಆಗಿಬಿಟ್ಟಿದೆ. ಒಮ್ಮೆ ಹಾಗೆ ಬರೆದು ಕಳಿಸಿದ ಹುಡುಗನಿಗೆ ನಮ್ಮಲ್ಲೂ ಆಟ್ರೋಪಿನ್ ಮುಂದುವರಿಸಿದರು, ಆಕ್ಸಿಜನ್ ಧಾರಾಳವಾಗಿ ಕೊಟ್ಟರು. ಮರುದಿನ ನಾಲಿಗೆ ಮೇಲೆ ಬಿಳಿ ಹುಣ್ಣು ಕಂಡು, ಮನೆಯವರನ್ನು ಮತ್ತೆ ಕೇಳಿದಾಗ ಮಾವ ಬೈಕಿನ ಡಿಕ್ಕಿಯಿಂದ ಬಾಟಲಿ ತೆಗೆದುಕೊಟ್ಟರು. ಅದು ಕಳೆನಾಶಕ, ಪ್ಯಾರಾಕ್ವಾಟ್. ಅದರಲ್ಲಿ ಬೇಡದ ಆಕ್ಸಿಜನ್ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ, ಅಂಕಿ ತೀರಾ ಇಳಿದರೆ ಮಾತ್ರ ಕೊಡಬೇಕು. ಬಾಟಲಿ ಇಪ್ಪತ್ತು ಗಂಟೆ ಆಸ್ಪತ್ರೆಯ ಅಂಗಳದಲ್ಲೇ ನಿಂತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೆ.

ಹಾಗಾಗಿ ಬಾಟಲಿ ಕೇಳಿ, ತಂದಿಲ್ಲದಿದ್ದರೆ ಮನೆಯಲ್ಲಿರುವವರಿಗೆ ಫೋನ್ ಮಾಡಿಸಿ ಲೇಬಲ್ ಫೋಟೋ ತರಿಸಿ. ಮಾರಾಟದ ಹೆಸರು ದೊಡ್ಡದಾಗಿರುತ್ತದೆ. ನಿಮಗೆ ಬೇಕಾದದ್ದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ತಾಂತ್ರಿಕ ಹೆಸರು ಮತ್ತು ಶೇಕಡಾ. ನಮ್ಮ ಕೇಸಿನಲ್ಲಿ ಅದು ‘ಕ್ಲೋರೋಪೈರಿಫಾಸ್ 50% + ಸೈಪರ್‌ಮೆಥ್ರಿನ್ 5% ಇಸಿ’. ಇಸಿ ಅಂದರೆ ದ್ರಾವಕದಲ್ಲಿ ಕರಗಿಸಿದ್ದು, ವಾಂತಿಯಾದರೆ ಆ ದ್ರಾವಕವೂ ಶ್ವಾಸಕೋಶಕ್ಕೆ ಇಳಿಯುವ ಭಯ. ಲೇಬಲ್ ಹರಿದಿದ್ದರೂ ತ್ರಿಕೋನದ ಬಣ್ಣ ಬರೆದುಕೊಳ್ಳಿ. ಕೆಂಪು ಅತಿ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ, ಹಸಿರು ಇನ್ನೂ ಕಡಿಮೆ. ಆದರೆ ಬಣ್ಣ ನೋಡಿ ಧೈರ್ಯ ತಂದುಕೊಳ್ಳಬೇಡಿ, ಅದು ಯಾವ ಜಾತಿಯ ವಿಷ ಅನ್ನುವುದನ್ನು ಹೇಳುವುದಿಲ್ಲ. ಔಷಧಿಯನ್ನು ನೀರಿನ ಬಾಟಲಿಗೋ ಕ್ವಾರ್ಟರ್ ಬಾಟಲಿಗೋ ಸುರಿದಿಟ್ಟಿರುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲು. ಆಗ ‘ಲೇಬಲ್ ಇಲ್ಲ. ಬಿಳಿ ದ್ರವ, ಸೀಮೆಎಣ್ಣೆ ವಾಸನೆ. ಹತ್ತಿಗೆ ಹೊಡೆಯಲು ತಂದದ್ದು ಎಂದು ಅಣ್ಣ ಹೇಳಿದ್ದು’ ಅಂತ ಬರೆಯಿರಿ. ರೋಗನಿರ್ಣಯದ ಜಾಗದಲ್ಲಿ ‘ಹೆಸರು ತಿಳಿಯದ ಕೀಟನಾಶಕ, ಲಕ್ಷಣ ನೋಡಿದರೆ ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್’ ಅನ್ನಿ. ಗೊತ್ತಿರುವುದು ಯಾವುದು, ಊಹೆ ಯಾವುದು ಅನ್ನುವುದು ಬೇರೆ ಬೇರೆ ಕಾಣಬೇಕು. ವಿಷದ ಬಗ್ಗೆ ಅನುಮಾನ ಇದ್ದರೆ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ 1800 116 117ಕ್ಕೆ ಫೋನ್ ಮಾಡಿ ಕೇಳಬಹುದು.

ಎಷ್ಟು ಕುಡಿದ ಎನ್ನುವುದನ್ನು ನಂಬಬೇಡಿ, ಆದರೆ ಬರೆದುಕೊಳ್ಳಿ. ಬಾಟಲಿಯ ಅಳತೆ, ಈಗ ಉಳಿದದ್ದು, ಮೊದಲೇ ಹೊಲಕ್ಕೆ ಬಳಸಿದ್ದರೋ ಇಲ್ಲವೋ. ಸ್ವಲ್ಪವೇ ಕುಡಿದದ್ದು ಅಂತ ಹೇಳಿದರು ಎಂಬ ಕಾರಣಕ್ಕೆ ಯಾರನ್ನೂ ಮನೆಗೆ ಕಳಿಸಬೇಡಿ.

ಹೊಟ್ಟೆ ತೊಳೆದಿರೋ ಇಲ್ಲವೋ ಅನ್ನುವುದಕ್ಕೂ ಒಂದು ಸಾಲು. ತೊಳೆಯದಿದ್ದರೆ ಅದು ತಪ್ಪು ಅಂತ ಅಂಜಿ ಎಷ್ಟೋ ಜನ ‘ಸ್ಟಮಕ್ ವಾಶ್ ಕೊಡಲಾಗಿದೆ’ ಅಂತ ಬರೆದುಬಿಡುತ್ತಾರೆ. ತೊಳೆಯುವುದರಿಂದ ಲಾಭವಿದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಮಾಡಿದರೂ ಕುಡಿದ ಒಂದು ಗಂಟೆಯೊಳಗೆ, ಎಚ್ಚರವಿರುವ ಅಥವಾ ಉಸಿರಿನ ನಾಳಕ್ಕೆ ಟ್ಯೂಬ್ ಹಾಕಿದ ರೋಗಿಗೆ ಮಾತ್ರ. ನಮ್ಮ ಕೇಸಿನಲ್ಲಿ ಬರೆದದ್ದು: ‘ಹೊಟ್ಟೆ ತೊಳೆದಿಲ್ಲ. ಕಾರಣ: ಮಂಪರು, ಶ್ವಾಸನಾಳಕ್ಕೆ ರಕ್ಷಣೆ ಇಲ್ಲ, ದ್ರಾವಕ ಇರುವ ಔಷಧಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ಎರಡು ಸಲ ವಾಂತಿ ಮಾಡಿಸಿದ್ದಾರೆ.’ ಉಪ್ಪುನೀರಿನ ಸುದ್ದಿ ಮುಖ್ಯ, ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ಬಟ್ಟೆ ತೆಗೆದು ಸೋಪು ನೀರಿನಲ್ಲಿ ಮೈ ತೊಳೆದ ಸಮಯವನ್ನೂ ಬರೆಯಿರಿ.

ಇಷ್ಟನ್ನು ಸೇರಿಸಿದರೆ ಚೀಟಿ ಹೀಗಾಗುತ್ತದೆ. ನೀವು ಇಂಗ್ಲಿಷಿನಲ್ಲೇ ಬರೆಯುವಿರಿ, ಇಲ್ಲಿ ಓದಲು ಕನ್ನಡದಲ್ಲಿ ಕೊಟ್ಟಿದ್ದೇನೆ.

‘ಗಂಡು, 34. ಬಂದದ್ದು 10:40. ಅಣ್ಣ ಹೇಳಿದಂತೆ 9ರಿಂದ 10ರ ನಡುವೆ ಕೀಟನಾಶಕ ಕುಡಿದದ್ದು, ಜೊತೆಗೆ ಮದ್ಯ. ಬಾಟಲಿ ನಾನು ನೋಡಿದ್ದೇನೆ: ಕ್ಲೋರೋಪೈರಿಫಾಸ್ 50% + ಸೈಪರ್‌ಮೆಥ್ರಿನ್ 5% ಇಸಿ. ಲೇಬಲ್ ಫೋಟೋ ಕಳಿಸಿದೆ.

ಆಟ್ರೋಪಿನ್ ಮೊದಲು, 10:42: ಪಾಪೆ ಸೂಜಿ ಮೊನೆ, ನಾಡಿ 52, ಬಿಪಿ 90/60, ಉಸಿರು 30, ಆಕ್ಸಿಜನ್ ಇಲ್ಲದೆ 84, ಇಡೀ ಎದೆಯಲ್ಲಿ ಕ್ರೆಪ್ಸ್, ಬೆವರು, ಜೊಲ್ಲು, ಮಾಂಸಖಂಡ ಅದುರು, ಇ3 ವಿ4 ಎಂ5.

ಆಟ್ರೋಪಿನ್ 0.6ರ ಆಂಪೂಲ್: 10:44ಕ್ಕೆ 3, 10:49ಕ್ಕೆ 6, 10:54ಕ್ಕೆ 12, 10:59ಕ್ಕೆ 3. ಒಟ್ಟು 24. ಗುರಿ ಮುಟ್ಟಿದ್ದು 11:04. ಡ್ರಿಪ್ 11:10ರಿಂದ, ಗಂಟೆಗೆ 1.8 ಮಿಲಿಗ್ರಾಂ. ಪ್ರಾಲಿಡಾಕ್ಸಿಮ್ ಕೊಟ್ಟಿಲ್ಲ, ಇಲ್ಲಿ ಇಲ್ಲ. ಹೊಟ್ಟೆ ತೊಳೆದಿಲ್ಲ. ಮೈ ತೊಳೆದದ್ದು 11:05.

ಹೊರಟಾಗ, 11:15: ನಾಡಿ 106, ಬಿಪಿ 114/72, ಆಕ್ಸಿಜನ್ ಹಾಕಿ 96, ಎದೆ ಸ್ವಚ್ಛ, ಇ4 ವಿ4 ಎಂ6, ದಿಂಬಿನಿಂದ ತಲೆ ಎತ್ತಬಲ್ಲ.

ಕಳಿಸುವ ಕಾರಣ: ವೆಂಟಿಲೇಟರ್ ಬೇಕಾಗಬಹುದು. 11:00ಕ್ಕೆ ಡ್ಯೂಟಿ ಡಾಕ್ಟರ್ ಜೊತೆ ಮಾತಾಗಿದೆ, ಹಾಸಿಗೆ ಇದೆ ಎಂದಿದ್ದಾರೆ. ಒಬ್ಬನನ್ನೇ ಬಿಡಬೇಡಿ, ಮನೋವೈದ್ಯರಿಗೆ ತೋರಿಸಿ. ಎಂಎಲ್‌ಸಿ ಆಗಿದೆ, ನಂಬರ್ ಮೇಲೆ ಇದೆ.’

ತಲೆ ಎತ್ತಬಲ್ಲ ಅನ್ನುವ ಮಾತು ಯಾಕೆ ಅಂತ ನಿಮಗೆ ಅನಿಸಬಹುದು. ಕುಡಿದ ಒಂದರಿಂದ ನಾಲ್ಕು ದಿನದೊಳಗೆ ಕೆಲವರಿಗೆ ಕುತ್ತಿಗೆ, ಹೆಗಲು, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಎದೆ ಸ್ವಚ್ಛ ಇರುತ್ತದೆ, ಮಾತೂ ಸರಿ ಇರುತ್ತದೆ, ಆದರೆ ಉಸಿರು ನಿಲ್ಲುತ್ತದೆ. ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಅನ್ನುವುದು ಇದನ್ನೇ. ಮೊದಲ ಸುಳಿವು ದಿಂಬಿನಿಂದ ತಲೆ ಎತ್ತಲಾಗದೇ ಇರುವುದು. ಮೊದಲ ದಿನ ಎತ್ತುತ್ತಿದ್ದ ಅಂತ ನೀವು ಬರೆದಿದ್ದರೆ, ಎರಡನೇ ದಿನ ವಾರ್ಡಿನ ಡಾಕ್ಟರಿಗೆ ಬದಲಾವಣೆ ಗೊತ್ತಾಗುತ್ತದೆ.

ಎಂಎಲ್‌ಸಿ ವಿಷಯ. ಮನೆಯವರ ಭಯ ಒಂದೇ, ‘ಕೇಸ್ ಆಗುತ್ತೆ, ಪೊಲೀಸರು ಒಯ್ತಾರೆ.’ ಕಾನೂನು ಈಗ ಹಾಗಿಲ್ಲ ಅಂತ ಅವರಿಗೆ ಬಾಯಿಬಿಟ್ಟು ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ 309ನೇ ಸೆಕ್ಷನ್ನೇ ಇಲ್ಲ. ಸರ್ಕಾರಿ ನೌಕರರನ್ನು ಒತ್ತಾಯಿಸಲು ಅಥವಾ ತಡೆಯಲು ಹಾಗೆ ಮಾಡಿದರೆ ಮಾತ್ರ 226 ಇದೆ. ಹಾಗಂತ ಎಂಎಲ್‌ಸಿ ಬಿಡುವಂತಿಲ್ಲ. ವಿಷದ ಕೇಸು ಅಂದರೆ ಯಾರೋ ಕುಡಿಸಿರಲೂಬಹುದು, ಔಷಧಿ ಹೊಡೆಯುವಾಗ ಮೈಗೆ ತಾಗಿರಲೂಬಹುದು. ಅದನ್ನು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ‘ಮನೆಯಲ್ಲಿ ಜಗಳವಾಗಿ ಕುಡಿದಿದ್ದಾನೆ’ ಎಂದು ನಿಮ್ಮ ಮಾತಲ್ಲಿ ಬರೆಯಬೇಡಿ. ರೋಗಿಯೇ ಹೇಳಿದ್ದರೆ ಅವನ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಅದೂ ಎಂಎಲ್‌ಸಿ ರಿಜಿಸ್ಟರಿನಲ್ಲಿ. ರೆಫರಲ್ ಚೀಟಿ ಹತ್ತು ಜನರ ಕೈ ದಾಟುತ್ತದೆ, ಅಲ್ಲಿ ಮನೆಯ ಗುಟ್ಟು ಬೇಡ.

ಚಿಕಿತ್ಸೆ ಪೊಲೀಸರಿಗಾಗಿ ಕಾಯಬಾರದು. 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಆಟ್ರೋಪಿನ್ ಮೊದಲು, ಫೋನ್ ಆಮೇಲೆ, ರಿಜಿಸ್ಟರ್ ಅದಾದ ಮೇಲೆ. ರಿಜಿಸ್ಟರಿನಲ್ಲಿ ಎರಡು ಗುರುತಿನ ಮಚ್ಚೆ, ಕರೆತಂದವರ ಹೆಸರು, ಠಾಣೆಗೆ ತಿಳಿಸಿದ ಸಮಯ, ಸುದ್ದಿ ತೆಗೆದುಕೊಂಡ ಪೊಲೀಸರ ಹೆಸರು ಮತ್ತು ಸಂಖ್ಯೆ ಇರಲಿ. ಬಾಟಲಿಯನ್ನು ರೋಗಿಯ ಜೊತೆ ಕಳಿಸುವುದಾದರೂ, ಪೊಲೀಸರಿಗೆ ಕೊಡುವುದಾದರೂ ಸಹಿ ಪಡೆಯಿರಿ. ಫೋಟೋ ಇರುವುದರಿಂದ ಬಾಟಲಿ ಎಲ್ಲಿ ಹೋದರೂ ಚಿಕಿತ್ಸೆಗೆ ತೊಂದರೆಯಿಲ್ಲ.

ತಪ್ಪು ಬರೆದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಮತ್ತು ಸಮಯ ಹಾಕಿ. ಬಿಳಿ ಇಂಕು ಹಚ್ಚಬೇಡಿ. ಆಂಬುಲೆನ್ಸ್ ಹೋದ ಮೇಲೆ ಏನಾದರೂ ನೆನಪಾದರೆ ‘ನಂತರ ಬರೆದದ್ದು, 11:40’ ಎಂದು ಸೇರಿಸಿ, ಆ ಕಡೆಗೆ ಫೋನ್ ಮಾಡಿ ಹೇಳಿ. ಕಾರ್ಬನ್ ಇಟ್ಟು ಎರಡು ಪ್ರತಿ ಬರೆದರೆ ಒಳ್ಳೆಯದು. ಕಾರ್ಬನ್ ಸಿಗದಿದ್ದರೆ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ.

ಆ ಮನುಷ್ಯನಿಗೆ ಮೂರನೇ ದಿನ ಬೆಳಿಗ್ಗೆ ತಲೆ ಎತ್ತಲಾಗಲಿಲ್ಲ. ವಾರ್ಡಿನಲ್ಲಿ ಚೀಟಿ ನೋಡಿ ಮೊದಲ ದಿನಕ್ಕೆ ಹೋಲಿಸಿದರು, ಮಧ್ಯಾಹ್ನದೊಳಗೆ ವೆಂಟಿಲೇಟರಿಗೆ ಹಾಕಿದರು. ಆರು ದಿನ ಅದರಲ್ಲಿದ್ದ. ಮನೆಗೆ ಹೋಗುವಾಗ ಅಣ್ಣನ ಕೈಗೆ ಮಾನಸಿಕ ನೆರವಿನ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟರು, ಔಷಧಿ ಬಾಟಲಿಗಳನ್ನು ಮನೆಯಿಂದ ದೂರ, ಬೀಗದಲ್ಲಿಡಲು ಹೇಳಿದರು. ಕಳಿಸಿದ ಡಾಕ್ಟರು ಎರಡು ವಾರದ ನಂತರ ವಾರ್ಡಿಗೆ ಫೋನ್ ಮಾಡಿ ಕೇಳಿ, ತಮ್ಮ ರಿಜಿಸ್ಟರಿನ ಅದೇ ಸಾಲಿನ ಕೊನೆಗೆ ಕೆಂಪು ಪೆನ್ನಿನಲ್ಲಿ ‘ವೆಂಟಿಲೇಟರ್ 3ನೇ ದಿನ, 13ನೇ ದಿನ ಮನೆಗೆ’ ಅಂತ ಬರೆದುಕೊಂಡಿದ್ದರು. ನೀವೂ ಆ ಕೊನೆಯ ಕಾಲಂ ಒಂದನ್ನು ಎಳೆದುಕೊಳ್ಳಿ. ಹೋದ ವಾರ ಫೋನ್ ಮಾಡಿದ ಡ್ಯೂಟಿ ಡಾಕ್ಟರಿಗೇ ಈ ಸಲ ನೀವು ಫೋನ್ ಮಾಡಿ ಕೇಳಬಹುದು.